ಕೃತ್ಯದ ಗಳಿಗೆ, ಕಾನೂನಿನ ಗಳಿಗೆ: ಸಂಹಿತೆ ಬದಲಾದ ರಾತ್ರಿ ಮತ್ತು ಸಂವಿಧಾನದ 20(1)ನೇ ಅನುಚ್ಛೇದ

2024ರ ಜೂನ್ 30ರ ರಾತ್ರಿ, ಹನ್ನೆರಡಕ್ಕೆ ಹತ್ತು ನಿಮಿಷ ಬಾಕಿ. ಯಾದಗಿರಿ ತಾಲ್ಲೂಕಿನ ಮುದನಾಳದ ಹತ್ತಿರ, ಹಿಂಬದಿ ದೀಪವಿಲ್ಲದ ಟ್ರಾಲಿ ಕಟ್ಟಿಕೊಂಡ ಟ್ರ್ಯಾಕ್ಟರೊಂದು ದಾರಿಯ ನಡುವೆಯೇ ಥಟ್ಟನೆ ನಿಲ್ಲುತ್ತದೆ. ಹಿಂದಿನಿಂದ ಬಂದ ಬೈಕ್ ಸವಾರ ಅದಕ್ಕೆ ಗುದ್ದಿ ಬೀಳುತ್ತಾನೆ. ಠಾಣೆಗೆ ಸುದ್ದಿ ಮುಟ್ಟಿದ್ದು ರಾತ್ರಿ ಎರಡಕ್ಕೆ, ಅಂದರೆ ಜುಲೈ 1ರಂದು. ಗಾಯಾಳು ಆಸ್ಪತ್ರೆಯಲ್ಲಿ ತೀರಿಕೊಂಡಿದ್ದು ಜುಲೈ 4ಕ್ಕೆ. ಇದು ನಡೆದ ಪ್ರಕರಣವಲ್ಲ, ಈ ಲೇಖನಕ್ಕಾಗಿ ಕಟ್ಟಿಕೊಂಡದ್ದು. ಆದರೆ ಇಂಥ ಕಾಗದಗಳು ಆ ವಾರ ನಾಡಿನ ಯಾವ ಠಾಣೆಗಾದರೂ ಬರಬಹುದಾಗಿದ್ದವು.

ಆ ರಾತ್ರಿ ಹನ್ನೆರಡಕ್ಕೆ 1860ರ ಭಾರತೀಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. ಹಳೆಯದರ 304ಎ ಕಲಮಿನಲ್ಲಿ ನಿರ್ಲಕ್ಷ್ಯದಿಂದಾದ ಸಾವಿಗೆ ಹೆಚ್ಚೆಂದರೆ ಎರಡು ವರ್ಷದ ಸಜೆ. ಹೊಸದರ 106(1)ರಲ್ಲಿ ಅದೇ ತಪ್ಪಿಗೆ ಐದು ವರ್ಷದವರೆಗೆ. ನಮ್ಮ ಚಾಲಕನಿಗೆ ಯಾವುದು?

ಸಂವಿಧಾನದ 20(1)ನೇ ಅನುಚ್ಛೇದ ಎರಡು ಮಾತು ಹೇಳುತ್ತದೆ. ಕೃತ್ಯ ನಡೆದಾಗ ಜಾರಿಯಲ್ಲಿದ್ದ ಕಾನೂನನ್ನು ಮುರಿದಿದ್ದರೆ ಮಾತ್ರ ಒಬ್ಬನನ್ನು ಅಪರಾಧಿ ಎನ್ನಬಹುದು. ಆ ಕಾಲದ ಕಾನೂನು ವಿಧಿಸಬಹುದಾಗಿದ್ದ ದಂಡಕ್ಕಿಂತ ಹೆಚ್ಚಿನದನ್ನು ಅವನಿಗೆ ವಿಧಿಸಕೂಡದು. ಇಲ್ಲಿ ತೂಕವಿರುವ ಪದ 'ಕೃತ್ಯ'. ಸವಾರ ಸತ್ತದ್ದು ಜುಲೈ 4ರಂದಾದರೂ ಚಾಲಕನ ಕೃತ್ಯ ಟ್ರ್ಯಾಕ್ಟರ್ ನಿಲ್ಲಿಸಿದ ಗಳಿಗೆಯಲ್ಲೇ ಮುಗಿದಿತ್ತು. ಸಾವು ಆ ಕೃತ್ಯದ ಫಲ. ಸಾವು ಸಂಭವಿಸದೆ 304ಎ ಪೂರ್ತಿಯಾಗದು, ಹಾಗಾಗಿ ಅಪರಾಧ ಹುಟ್ಟಿದ್ದೇ ಜುಲೈ 4ರಂದು ಎಂದು ಯಾರಾದರೂ ವಾದಿಸಬಹುದು. ನನ್ನ ಅಭಿಪ್ರಾಯದಲ್ಲಿ ಆ ವಾದ ನಿಲ್ಲದು. ಅನುಚ್ಛೇದ ಕೇಳುವುದು ಅಪರಾಧ ಯಾವಾಗ ತುಂಬಿತು ಎಂದಲ್ಲ, ಆರೋಪಿಸಲಾದ ಕೃತ್ಯವನ್ನು ಯಾವಾಗ ಮಾಡಿದ ಎಂದು. ಮನುಷ್ಯ ತನ್ನ ನಡೆಯನ್ನು ತಿದ್ದಿಕೊಳ್ಳಲು ಸಾಧ್ಯವಿದ್ದದ್ದು ಆ ಗಳಿಗೆಯಲ್ಲಿ ಮಾತ್ರ. ಆಸ್ಪತ್ರೆಯಲ್ಲಿ ನಾಲ್ಕು ದಿನ ಜೀವ ಹಿಡಿದಿದ್ದ ಗಾಯಾಳುವಿನ ಉಸಿರು ಚಾಲಕನ ಶಿಕ್ಷೆಯ ಅಳತೆಗೋಲಾಗಬಾರದು.

ಇಷ್ಟು ಸ್ಪಷ್ಟವಿರುವಾಗ ತೊಡಕೆಲ್ಲಿ? ನ್ಯಾಯ ಸಂಹಿತೆಯ ಕೊನೆಯ ಕಲಂ 358ರಲ್ಲಿ. ಅದರ ತಲೆಬರಹ ನಿರಸನ ಮತ್ತು ಉಳಿಸುವಿಕೆ. ಎರಡನೇ ಉಪಕಲಂ ಹಳೆಯ ಸಂಹಿತೆಯಡಿ ತಗುಲಿಕೊಂಡ ದಂಡವನ್ನೂ ಅದರ ತನಿಖೆ, ವಿಚಾರಣೆಗಳನ್ನೂ ಉಳಿಸುತ್ತದೆ. ಮೂರನೆಯದು ಹಳೆಯ ಸಂಹಿತೆಯಡಿ ಮಾಡಿದ್ದನ್ನು ಹೊಸದರ ಸರಿಸಮ ಕಲಮಿನಡಿ ಮಾಡಿದ್ದೆಂದು ಭಾವಿಸತಕ್ಕದ್ದು ಎನ್ನುತ್ತದೆ. ಮೂರನೆಯದನ್ನು ಮಾತ್ರ ಓದಿದ ಅವಸರದ ಕೈ 304ಎ ಹೊಡೆದು 106(1) ಬರೆದುಬಿಡಬಹುದು, ಎರಡೂ ಸರಿಸಮವೇ ತಾನೆ ಎಂದು. ಆದರೆ 'ಭಾವಿಸತಕ್ಕದ್ದು' ಎಂಬ ಶಾಸನದ ಕಲ್ಪನೆ ಸಂವಿಧಾನದ ಬೇಲಿ ದಾಟಲಾರದು.

ಇದನ್ನು ಸುಪ್ರೀಂ ಕೋರ್ಟ್ ಹೇಳಿ ಏಳು ದಶಕ ಕಳೆದಿದೆ. ವಿಂಧ್ಯ ಪ್ರದೇಶದ ಮಂತ್ರಿಯಾಗಿದ್ದ ರಾವ್ ಶಿವ ಬಹಾದುರ್ ಸಿಂಗ್ ಮೇಲೆ 1949ರ ಏಪ್ರಿಲ್‌ನಲ್ಲಿ ಲಂಚ ಪಡೆದ ಆರೋಪವಿತ್ತು. ಆತನ ಮೇಲೆ ಮೊಕದ್ದಮೆ ಹೂಡಲು ಬಳಸಿದ ಸುಗ್ರೀವಾಜ್ಞೆ ಪ್ರಕಟವಾದದ್ದು ಅದೇ ವರ್ಷದ ಸೆಪ್ಟೆಂಬರಿನಲ್ಲಿ. 1948ರ ಆಗಸ್ಟ್‌ನಿಂದಲೇ ಜಾರಿಯಲ್ಲಿತ್ತೆಂದು ತಿಳಿಯಬೇಕೆಂದು ಅದರಲ್ಲಿ ಬರೆದಿತ್ತು. 1953ರಲ್ಲಿ ನ್ಯಾಯಾಲಯ ಹೇಳಿದ್ದಿಷ್ಟು: 20ನೇ ಅನುಚ್ಛೇದದ 'ಜಾರಿಯಲ್ಲಿದ್ದ ಕಾನೂನು' ಎಂದರೆ ಆ ದಿನ ನಿಜವಾಗಿಯೂ ಜಾರಿಯಲ್ಲಿದ್ದದ್ದು, ಆಮೇಲೆ ಹಿಂದಿನ ತಾರೀಖು ಹಾಕಿಕೊಂಡು ಬಂದದ್ದಲ್ಲ. ಆರೋಪಿಗೆ ಇದರಿಂದ ಬಿಡುಗಡೆಯೇನೂ ಸಿಗಲಿಲ್ಲ. ಆ ಪ್ರದೇಶದಲ್ಲಿ ಮೊದಲೇ ಇದ್ದ ಕಾನೂನಿನಡಿಯೂ ಅದು ಅಪರಾಧವೇ ಆಗಿತ್ತು. ಅದೇ ವರ್ಷದ ಕಲ್ಕತ್ತದ ಕೇದಾರನಾಥ ಪ್ರಕರಣದಲ್ಲಿ ಮಾತ್ರ ಲೆಕ್ಕ ರೂಪಾಯಿಯಲ್ಲೇ ಕಾಣಿಸಿತು. 1947ರ ವಂಚನೆಗೆ ವಿಧಿಸಿದ 50,000 ರೂಪಾಯಿ ದಂಡದಲ್ಲಿ 47,550 ರೂಪಾಯಿ 1949ರ ಕಾಯ್ದೆಯಿಂದ ಬಂದದ್ದು. ನ್ಯಾಯಾಲಯ ಅಷ್ಟನ್ನೇ ಕತ್ತರಿಸಿತು. ಅಪರಾಧ ನಿರ್ಣಯವನ್ನು ಮುಟ್ಟಲಿಲ್ಲ.

ಯಾದಗಿರಿ, ಶಹಾಪುರ, ಸುರಪುರದ ನೆಲಕ್ಕೆ ಸಂಹಿತೆ ಬದಲಾವಣೆ ಹೊಸದಲ್ಲ. ದೇಶದ ಬಹುಪಾಲು ಕಡೆ 2024ರದು ಮೊದಲ ದೊಡ್ಡ ಬದಲಾವಣೆಯಾದರೆ ಇಲ್ಲಿ ಅದು ಎರಡನೆಯದು. ಅಂದಿನ ಗುಲ್ಬರ್ಗಾ ಜಿಲ್ಲೆಯ ಈ ತಾಲ್ಲೂಕುಗಳು ನಿಜಾಮರ ಆಡಳಿತದಲ್ಲಿದ್ದವು. ಮೆಕಾಲೆಯ ಸಂಹಿತೆ ಇಲ್ಲಿ ನಡೆಯುತ್ತಿರಲಿಲ್ಲ. ಹೈದರಾಬಾದ್ ದಂಡ ಸಂಹಿತೆ ಎಂಬ ಬೇರೆ ಪುಸ್ತಕವಿತ್ತು, ಅದರ ಅಂಕಿಗಳೂ ಬೇರೆ. ಕೊಲೆ ಅಲ್ಲಿ 302 ಅಲ್ಲ, 243. ಪೊಲೀಸ್ ಆಕ್ಷನ್ ನಡೆದು ಎರಡೂವರೆ ವರ್ಷದ ಮೇಲೆ, 1951ರ ಏಪ್ರಿಲ್ 1ರಂದು, 'ಬಿ' ಭಾಗದ ರಾಜ್ಯಗಳ ಕಾನೂನು ಕಾಯ್ದೆ ಭಾರತೀಯ ದಂಡ ಸಂಹಿತೆಯನ್ನು ಇಲ್ಲಿಗೆ ತಂದಿತು. ಅದರ 6ನೇ ಕಲಂ ಹಳೆಯದರಡಿ ತಗುಲಿದ್ದ ದಂಡ, ವಿಚಾರಣೆಗಳನ್ನು ಉಳಿಸಿತು.

ಆ ಉಳಿಸುವಿಕೆ ಹೇಗೆ ನಡೆಯಿತೆಂಬುದು ಇದೇ ಸಂಸ್ಥಾನದ ಪೂರ್ವ ತುದಿಯ ಒಂದು ಮೊಕದ್ದಮೆಯಲ್ಲಿ ಕಾಣುತ್ತದೆ. ವರಂಗಲ್ಲಿನ ಸುಬೇದಾರನಾಗಿದ್ದ ಹಬೀಬ್ ಮೊಹಮ್ಮದ್ ಮೇಲೆ 1947ರ ಡಿಸೆಂಬರಿನ ಹಳ್ಳಿಯೊಂದರ ದಾಳಿಗೆ ಸಂಬಂಧಿಸಿ ಕೊಲೆ, ಬೆಂಕಿ ಹಚ್ಚಿದ ಆರೋಪವಿತ್ತು. ಮೇಲ್ಮನವಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾದ 1953ರ ಹೊತ್ತಿಗೆ ಹೈದರಾಬಾದ್ ಸಂಹಿತೆ ರದ್ದಾಗಿ ಎರಡು ವರ್ಷ ಮೀರಿತ್ತು. ಆದರೂ ತೀರ್ಪಿನಲ್ಲಿ ಆರೋಪ 243ನೆಯದೇ. ಮುಖ್ಯ ಸಾಕ್ಷಿಯೊಬ್ಬರನ್ನು ವಿಚಾರಿಸದೆ ಬಿಟ್ಟದ್ದೇ ಮುಂತಾದ ಕಾರಣಕ್ಕೆ ಕೊನೆಗೆ ಆತ ಬಿಡುಗಡೆಯಾದ; ನಮಗೆ ಇಲ್ಲಿ ಬೇಕಾದದ್ದು ಅಂಕಿ. ಸತ್ತ ಸಂಹಿತೆಯೂ ತನ್ನ ಕಾಲದ ಕೃತ್ಯಗಳ ಮಟ್ಟಿಗೆ ಮಾತಾಡುತ್ತಲೇ ಇರುತ್ತದೆ. ಇಂದಿನ ವಕೀಲರ ಕಪಾಟಿನಿಂದ ದಂಡ ಸಂಹಿತೆಯ ಪುಸ್ತಕ ಇನ್ನೂ ಕೆಳಗಿಳಿಯದಿರುವುದು ಬರೀ ಅಭ್ಯಾಸದಿಂದಲ್ಲ.

ಇಲ್ಲಿಯವರೆಗಿನದು ಅಪರಾಧ, ಶಿಕ್ಷೆಗಳ ಮಾತು. ಕಾರ್ಯವಿಧಾನದ ದಾರಿ ಬೇರೆ. ಹೇಗೆ ವಿಚಾರಿಸುತ್ತಾರೆ, ಯಾವ ಕೋರ್ಟು ವಿಚಾರಿಸುತ್ತದೆ ಎಂಬುದಕ್ಕೆ 20(1) ಅಡ್ಡ ಬರುವುದಿಲ್ಲವೆಂದು ಶಿವ ಬಹಾದುರ್ ಸಿಂಗ್ ತೀರ್ಪೇ ಹೇಳಿದೆ. ನಾಗರಿಕ ಸುರಕ್ಷಾ ಸಂಹಿತೆಯ 531ನೇ ಕಲಂ ಪ್ರಕಾರ, ಅದು ಜಾರಿಗೆ ಬರುವ ಮುನ್ನವೇ ಬಾಕಿಯಿದ್ದ ತನಿಖೆ, ವಿಚಾರಣೆ, ಮೇಲ್ಮನವಿಗಳು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯಂತೆಯೇ ಮುಗಿಯಬೇಕು. ನಮ್ಮ ಮುದನಾಳದ ಪ್ರಕರಣದಲ್ಲಿ ರಾತ್ರಿ ಹನ್ನೆರಡಕ್ಕೆ ಯಾವ ತನಿಖೆಯೂ ಬಾಕಿಯಿರಲಿಲ್ಲ, ಏಕೆಂದರೆ ಠಾಣೆಗೆ ವಿಷಯವೇ ಗೊತ್ತಿರಲಿಲ್ಲ. ಆದ್ದರಿಂದ ಎಫ್‌ಐಆರ್ ದಾಖಲಾಗುವುದು ಹೊಸ ಕಾರ್ಯವಿಧಾನದ 173ನೇ ಕಲಮಿನಂತೆ, ಆದರೆ ಅದರೊಳಗೆ ಹಚ್ಚುವ ಕಲಂಗಳು ಹಳೆಯ ದಂಡ ಸಂಹಿತೆಯ 279 ಮತ್ತು 304ಎ. ತನಿಖೆಯ ಪ್ರಗತಿಯನ್ನು ತೊಂಬತ್ತು ದಿನದೊಳಗೆ ಫಿರ್ಯಾದಿಗೆ ತಿಳಿಸುವ ಹೊಸ ಕರ್ತವ್ಯವೂ ಠಾಣೆಯ ಮೇಲೆ ಬೀಳುತ್ತದೆ. ಅಲಹಾಬಾದ್ ಹೈಕೋರ್ಟಿನ ವಿಭಾಗೀಯ ಪೀಠವೂ 2024ರ ಆಗಸ್ಟ್‌ನಲ್ಲಿ ಇದೇ ದಾರಿ ಹಿಡಿಯಿತು. ಅದೇ ಸುದ್ದಿ ಹನ್ನೆರಡಕ್ಕೆ ಐದು ನಿಮಿಷ ಮೊದಲು ಮುಟ್ಟಿ ದಾಖಲಾಗಿದ್ದರೆ ಕಾರ್ಯವಿಧಾನವೂ ಹಳೆಯದೇ. ಒಂದು ಕಡತದಲ್ಲಿ ಎರಡು ಕಾಲದ ಕಾನೂನು ಕೂತಿರುವುದು ಅಸಂಗತವೆನಿಸಬಹುದು, ಆದರೆ ಅದೇ ಸರಿ.

ತಪ್ಪಾಗಿದೆಯೋ ಇಲ್ಲವೋ ಕಂಡುಹಿಡಿಯುವುದು ಸುಲಭ. ಎಫ್‌ಐಆರ್ ನಮೂನೆಯ 3ನೇ ಕಾಲಮಿನಲ್ಲಿ ಎರಡು ತಾರೀಖುಗಳು ಬೇರೆಬೇರೆಯಾಗಿ ಇರುತ್ತವೆ: ಕೃತ್ಯ ನಡೆದ ದಿನ, ವೇಳೆ ಒಂದು ಕಡೆ; ಠಾಣೆಗೆ ಮಾಹಿತಿ ಬಂದ ದಿನ, ವೇಳೆ ಇನ್ನೊಂದು ಕಡೆ. ಅದರ ಮೇಲಿನ 2ನೇ ಕಾಲಮಿನಲ್ಲಿ ಕಾಯ್ದೆ, ಕಲಂ. ಕಲಂ ನೋಡಬೇಕಾದದ್ದು ಕೃತ್ಯದ ದಿನವನ್ನು. ಮಾಹಿತಿಯ ದಿನ ನೋಡಿ ಕಲಂ ಹಚ್ಚಿದರೆ ಎಡವಟ್ಟು. ಹಾಗಾದರೂ ಪ್ರಕರಣ ಬಿದ್ದುಹೋಗುವುದಿಲ್ಲ. ಕೋರ್ಟು ಆರೋಪವನ್ನು ತಿದ್ದಬಹುದು. ಯಾರೂ ಗಮನಿಸದೆ ಹೊಸ ಶಿಕ್ಷೆ ಬಿದ್ದರೆ ಮಾತ್ರ ಕಷ್ಟ. ಛತ್ತೀಸಗಢದ ಪೋಕ್ಸೊ ಪ್ರಕರಣವೊಂದರಲ್ಲಿ ಹಾಗೇ ಆಯಿತು. ಕೃತ್ಯ 2019ರ ಮೇ 20ರದು. ಶಿಕ್ಷೆ ಹೆಚ್ಚಿಸಿದ ತಿದ್ದುಪಡಿ ಜಾರಿಯಾದದ್ದು ಅದೇ ವರ್ಷದ ಆಗಸ್ಟ್ 16ಕ್ಕೆ. ಕೆಳಗಿನ ಕೋರ್ಟು ತಿದ್ದುಪಡಿಯಂತೆ, ಉಸಿರಿರುವವರೆಗೆ ಸೆರೆ ಎಂದಿತು, ಹೈಕೋರ್ಟೂ ಎತ್ತಿಹಿಡಿಯಿತು. ಅದನ್ನು ಸುಪ್ರೀಂ ಕೋರ್ಟ್ ಬದಲಿಸಿದ್ದು 2025ರ ಜುಲೈಯಲ್ಲಿ. ಮೂರು ತಿಂಗಳಿಗೂ ಕಡಿಮೆ ಅಂತರದ ತಾರೀಖಿನ ತಪ್ಪು ತಿದ್ದಲು ದೇಶದ ಅತ್ಯುನ್ನತ ನ್ಯಾಯಾಲಯದವರೆಗೆ ಹೋಗಬೇಕಾಯಿತು.

ಕಾನೂನು ಮೃದುವಾದಾಗ ಏನು? ಅನುಚ್ಛೇದ ತಡೆಯುವುದು ಹೆಚ್ಚಿನ ದಂಡವನ್ನು, ಕಡಿಮೆಯದನ್ನಲ್ಲ. ಗುರ್‌ಗಾಂವದ ಹದಿನಾರರ ಹುಡುಗನೊಬ್ಬನಿಗೆ 1962ರ ಮೇನಲ್ಲಿ ಶಿಕ್ಷೆಯಾಗಿತ್ತು; ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಅಲ್ಲಿಗೆ ಬಂದದ್ದು ಸೆಪ್ಟೆಂಬರಿನಲ್ಲಿ. ರತನ್ ಲಾಲ್ ಎಂದು ಹೆಸರಾದ ಆ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಅದರ ಲಾಭವನ್ನು ಹುಡುಗನಿಗೆ ತೆರೆದಿಟ್ಟಿತು. 2024ರ ಆಗಸ್ಟ್‌ನಲ್ಲಿ ಅದೇ ಕೋರ್ಟು ವಿಚಾರಣಾಧೀನ ಕೈದಿಗಳ ಬಿಡುಗಡೆಯ, ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮನ್ನು ಜುಲೈ 1ಕ್ಕಿಂತ ಹಿಂದಿನ ಪ್ರಕರಣಗಳಿಗೂ ಅನ್ವಯಿಸಿದ್ದು ಇದೇ ಜಾಡಿನ ಹೆಜ್ಜೆ.

ಆದರೆ ಇಲ್ಲೊಂದು ಗಂಟು ಉಳಿದಿದೆ. ನ್ಯಾಯ ಸಂಹಿತೆಯ 303(2)ರಂತೆ ಐದು ಸಾವಿರಕ್ಕಿಂತ ಕಡಿಮೆ ಬೆಲೆಯ ಮಾಲು ಕದ್ದು, ಅದನ್ನು ಮರಳಿಸಿ, ಮೊದಲ ಸಲ ಅಪರಾಧಿಯಾದವನಿಗೆ ಸಮುದಾಯ ಸೇವೆಯೇ ಶಿಕ್ಷೆ. ಶಹಾಪುರದ ಸಂತೆಯಲ್ಲಿ ಒಬ್ಬ 2024ರ ಜೂನ್‌ನಲ್ಲಿ ಮೊಬೈಲ್ ಎಗರಿಸಿ ಮರಳಿಸಿದ ಎನ್ನೋಣ. ಹಳೆಯ 379ರಲ್ಲಿ ಅವನಿಗೆ ಮೂರು ವರ್ಷದವರೆಗೆ ಸಜೆ ಆಗಬಹುದು. ರತನ್ ಲಾಲ್ ತರ್ಕ ಹಿಡಿದರೆ ಸಮುದಾಯ ಸೇವೆ ಸಿಗಬೇಕು. ಆದರೆ 358(2) ಹಳೆಯ ದಂಡವನ್ನು ಉಳಿಸಿದೆ, ಮತ್ತು ಉಳಿಸುವಿಕೆ ಭಾರದ್ದು, ಹಗುರಾದದ್ದು ಎಂದು ನೋಡುವುದಿಲ್ಲ. ರತನ್ ಲಾಲ್ ಪ್ರಕರಣದಲ್ಲಿ ಹಳೆಯ ಸಂಹಿತೆ ರದ್ದಾಗಿರಲಿಲ್ಲ, ಅದರ ಪಕ್ಕಕ್ಕೆ ಹೊಸ ಕಾಯ್ದೆ ಬಂದು ಕೂತಿತ್ತು. ವ್ಯತ್ಯಾಸ ಸಣ್ಣದಲ್ಲ. ಆದರೂ ಸಂಸತ್ತೇ ಅತಿಯೆಂದು ಬಿಟ್ಟ ಶಿಕ್ಷೆಯನ್ನು ಕೋರ್ಟು ಹಿಡಿದು ಕೂರಬೇಕಾಗಿಲ್ಲ. ಆರೋಪ 379ರದೇ ಇರಲಿ; ಪರಿವೀಕ್ಷಣಾ ಕಾಯ್ದೆಯಡಿ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವ ಅಧಿಕಾರ ಮ್ಯಾಜಿಸ್ಟ್ರೇಟರಿಗೆ ಈಗಲೂ ಇದೆ. ಹಳೆಯ ಕಾನೂನಿನೊಳಗೇ ಹೊಸದರ ಉದ್ದೇಶ ತಲುಪಲು ಸದ್ಯಕ್ಕೆ ಅದೇ ನಿರಾತಂಕದ ದಾರಿ.

ಇನ್ನು ಟ್ರ್ಯಾಕ್ಟರ್ ಚಾಲಕ. ಸವಾರ ಗುದ್ದಿದ್ದು ತಿಳಿದೂ ಅವನು ಠಾಣೆಗೆ ಹೇಳದೆ ಓಡಿಹೋಗಿದ್ದರೂ ಹತ್ತು ವರ್ಷದ 106(2) ಅವನಿಗೆ ತಗುಲದು: ಕೃತ್ಯ ಮೊದಲಿನದು ಎಂಬುದೊಂದು ಕಾರಣ, ಲಾರಿ ಚಾಲಕರ ಮುಷ್ಕರದ ನಂತರ 2024ರ ಫೆಬ್ರವರಿಯ ಅಧಿಸೂಚನೆ ಆ ಉಪಕಲಮನ್ನು ಜುಲೈ 1ರ ಜಾರಿಯಿಂದ ಹೊರಗಿಟ್ಟಿತ್ತು ಎಂಬುದು ಇನ್ನೊಂದು. ಸಾವಿಗೆ ಅವನು ಅನುಭವಿಸಬಹುದಾದ ಸಜೆಯ ಮೇಲ್ಮಿತಿ ಎರಡು ವರ್ಷ.