ಸೆಖೆಯ ಹವೆಯಲ್ಲಿ ಬೈಕ್ ಸವಾರರ ರಕ್ಷಾ ಉಡುಪು

ಬೈಕಿನಿಂದ ಬಿದ್ದಾಗ ಚರ್ಮ ರಸ್ತೆಗೆ ಉಜ್ಜಿಹೋಗದಂತೆ, ಮೂಳೆಗೆ ನೇರ ಪೆಟ್ಟು ತಗಲದಂತೆ ಕಾಯುವ ಜಾಕೆಟ್, ಗ್ಲೌಸ್ ಮತ್ತು ನೀ ಗಾರ್ಡ್‌ಗಳ ಗುಂಪಿಗೆ ರಕ್ಷಾ ಉಡುಪು ಎಂದು ಹೆಸರು. ಭಾರತದ ಮೋಟಾರು ವಾಹನ ಕಾಯ್ದೆ ಹೆಲ್ಮೆಟ್ಟನ್ನು ಮಾತ್ರ ಕಡ್ಡಾಯ ಮಾಡಿದೆ; ಉಳಿದದ್ದು ಸವಾರರ ಆಯ್ಕೆ. ಕರಾವಳಿಯಂಥ ಕಡೆ ಈ ಆಯ್ಕೆಯನ್ನು ಕೆಡಿಸುವುದು ಬೆವರು. ಮನೆಯ ಗೂಟದಲ್ಲಿ ನೇತಾಡುವ ಜಾಕೆಟ್ ಯಾರನ್ನೂ ಕಾಯುವುದಿಲ್ಲ. ಆದ್ದರಿಂದ ಇಲ್ಲಿ ಗಾಳಿ ಆಡುವುದೂ ರಕ್ಷಣೆಯ ಭಾಗವೇ.

ಮೇ ತಿಂಗಳಲ್ಲಿ ಮಂಗಳೂರಿನಿಂದ ಉಡುಪಿಗೆ ಹೊರಟವರನ್ನು ನೆನೆಯಿರಿ. ಹವೆ 33 ಡಿಗ್ರಿ ಇದ್ದರೂ ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ನಿಧಾನವಾಗಿ ಆರುತ್ತದೆ. ಮೈಗೆ ತಾಗಿ ನಿಂತ ತೇವದ ಗಾಳಿಯನ್ನು ಸರಿಸಿ ಹೊಸ ಗಾಳಿ ತಂದರೆ ಮಾತ್ರ ತಂಪು. ಹೀಗಾಗಿ ಜಾಲರಿ ಬಟ್ಟೆಯ, ಅಂದರೆ ಮೆಶ್, ಜಾಕೆಟ್ ಓಡುವ ಬೈಕಿನ ಮೇಲೆ ಹಿತವೆನಿಸುತ್ತದೆ, ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಬೇಯಿಸುತ್ತದೆ. ಕಲಬುರಗಿಯ 42 ಡಿಗ್ರಿಯ ಒಣ ಬಿಸಿಲಿನ ಲೆಕ್ಕ ಬೇರೆ: ಅಲ್ಲಿ ಬೀಸುವ ಗಾಳಿ ಮೈಗಿಂತ ಬಿಸಿ, ಪೂರ್ತಿ ತೆರೆದ ಮೆಶ್ ಆ ಕಾವನ್ನೂ ಒಳಗೆ ಬಿಡುತ್ತದೆ. ಕರಾವಳಿಯಲ್ಲಿ ಒಳಗೆ ಹತ್ತಿಯ ಬನಿಯನ್‌ಗಿಂತ ಬೇಗ ಆರುವ ತೆಳು ಸಿಂಥೆಟಿಕ್ ಅಂಗಿ ಒಳ್ಳೆಯದು. ಒದ್ದೆಯಾದ ಹತ್ತಿ ಮೈಗೆ ಅಂಟಿ ಗಾಳಿಯ ದಾರಿ ಮುಚ್ಚುತ್ತದೆ.

ಆದರೆ ಜಾಲರಿಯ ಕಣ್ಣು ಎಲ್ಲಿರಬೇಕು ಎಂಬುದೇ ಮುಖ್ಯ. ಬಿದ್ದವರು ಮೊದಲು ನೆಲಕ್ಕೆ ತಾಗಿಸುವುದು ಭುಜ, ಮೊಣಕೈ, ಸೊಂಟ, ಮಂಡಿ. ಜಾರುವಾಗ ಹುಟ್ಟುವ ಕಾವಿಗೆ ತೆಳು ಪಾಲಿಯೆಸ್ಟರ್ ಜಾಲರಿ ಕರಗಿ ಹರಿಯಬಲ್ಲದು. ಅದಕ್ಕೇ ಭುಜ ಮತ್ತು ಮೊಣಕೈಯ ಹೊರಮೈಯಲ್ಲಿ ದಟ್ಟವಾಗಿ ನೇಯ್ದ ಗಟ್ಟಿ ಬಟ್ಟೆಯೋ ತೊಗಲೋ ಇದ್ದು, ಎದೆ, ಬೆನ್ನು, ತೋಳಿನ ಒಳಬದಿಯಲ್ಲಿ ಮಾತ್ರ ಮೆಶ್ ಇರುವ ಜಾಕೆಟ್ ಆರಿಸಬೇಕು. ಯುರೋಪಿನ ಇಎನ್ 17092 ಮಾನಕ ಉಡುಪನ್ನು ಹೀಗೆಯೇ ಅಪಾಯದ ವಲಯಗಳಾಗಿ ಹಂಚಿ ಪರೀಕ್ಷಿಸುತ್ತದೆ. ಅದರ ದರ್ಜೆಗಳಲ್ಲಿ ಎಎಎ ಅತಿ ಗಟ್ಟಿ, ನಂತರ ಎಎ, ಆಮೇಲೆ ಎ. ಬಹುತೇಕ ಹಗುರ ಮೆಶ್ ಜಾಕೆಟ್‌ಗಳು ಎ ದರ್ಜೆಯವು. ಹೆದ್ದಾರಿಯಲ್ಲಿ ದಿನವೂ ಓಡಾಡುವವರು ಸ್ವಲ್ಪ ಸೆಖೆ ಸಹಿಸಿಯಾದರೂ ಎಎ ಹುಡುಕುವುದು ಲೇಸು.

ಪೆಟ್ಟು ಹೀರುವುದು ಬಟ್ಟೆಯಲ್ಲ, ಒಳಜೇಬಿನ ಆರ್ಮರ್. ಇಎನ್ 1621-1 ಪರೀಕ್ಷೆಯಲ್ಲಿ 50 ಜೂಲ್ ಶಕ್ತಿಯ ಹೊಡೆತ ಕೊಟ್ಟು, ಆಚೆ ಬದಿಗೆ ದಾಟುವ ಬಲವನ್ನು ಅಳೆಯುತ್ತಾರೆ. ಸರಾಸರಿ 35 ಕಿಲೋನ್ಯೂಟನ್ ಮೀರದಿದ್ದರೆ ಲೆವೆಲ್ 1, 20 ಮೀರದಿದ್ದರೆ ಲೆವೆಲ್ 2. ನಮ್ಮ ಹವೆಗೆ ಬೇಕಾದ ಇನ್ನೊಂದು ಗುರುತನ್ನು ಕೊಳ್ಳುವವರು ಹೆಚ್ಚಾಗಿ ನೋಡುವುದೇ ಇಲ್ಲ: ಟಿ+. ಮಾಮೂಲಿಗೆ ಮೆತ್ತಗಿದ್ದು ಪೆಟ್ಟಿಗೆ ಗಟ್ಟಿಯಾಗುವ ಫೋಮ್ ಬಿಸಿಯಲ್ಲಿ ಇನ್ನಷ್ಟು ಸಡಿಲವಾಗಬಹುದು. 40 ಡಿಗ್ರಿಯಲ್ಲೂ ಅದು ಪರೀಕ್ಷೆ ಗೆದ್ದಿದೆ ಎಂದು ಟಿ+ ಹೇಳುತ್ತದೆ.

ಸರಿಯಾದ ಆರ್ಮರ್ ಕೂಡ ಜಾಗ ತಪ್ಪಿದರೆ ವ್ಯರ್ಥ. ಗಾಳಿಗೆಂದು ದೊಡ್ಡ ಅಳತೆಯ ಜಾಕೆಟ್ ಕೊಳ್ಳುವುದು, ತೋಳಿನ ಪಟ್ಟಿ ಸಡಿಲಿಸುವುದು, ಎದೆಯ ಜಿಪ್ ತೆರೆದು ಓಡಿಸುವುದು ಎಲ್ಲವೂ ಈ ತಪ್ಪಿಗೆ ದಾರಿ. ಸವಾರಿಯ ಭಂಗಿಯಲ್ಲಿ ಕೂತು ಮೊಣಕೈಯ ಆರ್ಮರನ್ನು ಅಂಗೈಯಿಂದ ತಿರುಚಿ ನೋಡಿ. ಅದು ಮೂಳೆ ಬಿಟ್ಟು ಪಕ್ಕಕ್ಕೆ ಸರಿದರೆ ಆ ಅಳತೆ ನಿಮ್ಮದಲ್ಲ.

ನೀ ಗಾರ್ಡ್‌ನಲ್ಲಿ ಈ ತೊಂದರೆ ಇನ್ನೂ ಹೆಚ್ಚು. ಬೆವರಿನಿಂದ ಜಾರುವ ಚರ್ಮದ ಮೇಲೆ ಕಟ್ಟಿದ ಗಾರ್ಡ್ ಗಂಟೆಯೊಳಗೆ ಕೆಳಗಿಳಿಯುತ್ತದೆ. ಸುತ್ತಲೂ ಮುಚ್ಚುವ ನಿಯೋಪ್ರಿನ್ ತೋಳು ಜಾರುವುದು ಕಡಿಮೆ, ಆದರೆ ಬೆವರುಸಾಲೆ ಎಬ್ಬಿಸುತ್ತದೆ. ಪ್ಯಾಂಟಿನ ಮೇಲೆ ಕಟ್ಟುವ, ಮಂಡಿಯ ಮೇಲೊಂದು ಕೆಳಗೊಂದು ಅಗಲ ಪಟ್ಟಿ ಇರುವ, ನಡುವೆ ಕೀಲುಳ್ಳ ಗಾರ್ಡ್ ಇಲ್ಲಿಗೆ ಹೊಂದುತ್ತದೆ. ಕಾಲು ಮಡಚಿದಾಗ ಮಂಡಿಚಿಪ್ಪು ಮತ್ತು ಕಣಕಾಲಿನ ಮೇಲ್ಭಾಗ ಎರಡೂ ಅದರಡಿ ಇರಬೇಕು. ಪಟ್ಟಿಯನ್ನು ಕಾಲು ಮಡಚಿಯೇ ಬಿಗಿಯಬೇಕು. ನಿಂತು ಬಿಗಿದರೆ ಕೂತಾಗ ಮಂಡಿ ಹಿಂದೆ ರಕ್ತದ ಓಟಕ್ಕೆ ತಡೆಯಾಗುತ್ತದೆ, ಸವಾರರು ಆಮೇಲೆ ಅದನ್ನು ಸಡಿಲಿಸಿಬಿಡುತ್ತಾರೆ.

ಬೀಳುವಾಗ ಕೈ ತಾನಾಗಿ ಮುಂದಕ್ಕೆ ಚಾಚುವುದರಿಂದ ಗ್ಲೌಸಿನ ಅಂಗೈ ಬುಡದಲ್ಲಿ ಜಾರುವ ಗಟ್ಟಿ ತುಂಡು ಇರಬೇಕು. ಅಲ್ಲಿ ಅಂಗೈ ರಸ್ತೆಗೆ ಕಚ್ಚಿಕೊಂಡರೆ ಮಣಿಕಟ್ಟು ತಿರುಚುತ್ತದೆ. ಬೆರಳ ನಡುವೆ ಮೆಶ್, ಅಂಗೈಗೆ ಮೇಕೆಯ ತೊಗಲು, ಒಳಗೆ ಬಿಡಿ ಅಸ್ತರಿ ಇಲ್ಲದಿರುವುದು ಸೆಖೆಗೆ ಸರಿ. ಒದ್ದೆ ಬೆರಳಿನ ಜೊತೆ ಹೊರಬರುವ ಅಸ್ತರಿ ಮತ್ತೆ ಒಳಹೋಗುವುದೇ ಕಷ್ಟ. ಮಣಿಕಟ್ಟಿನ ಪಟ್ಟಿ ಹಾಕಿದ ಮೇಲೆ ಬೆರಳ ತುದಿ ಹಿಡಿದು ಜೋರಾಗಿ ಎಳೆದರೂ ಗ್ಲೌಸ್ ಕಳಚಬಾರದು. ಬೆವರಿದ ಕೈಯಲ್ಲೇ ಇದನ್ನು ಪರೀಕ್ಷಿಸಬೇಕು.

ಮಳೆಗಾಲದ ತೇವ ಉಡುಪನ್ನೇ ತಿನ್ನುತ್ತದೆ. ಪಾಲಿಯುರೆಥೇನ್ ಲೇಪವೂ ಕೆಲವು ಫೋಮ್‌ಗಳೂ ತೇವದಿಂದ ಒಡೆದು, ಲೇಪ ಅಂಟಂಟಾಗಿ ಸುಲಿಯುತ್ತದೆ, ಫೋಮ್ ಪುಡಿಯಾಗುತ್ತದೆ. ಹೆಬ್ಬೆರಳಿನಿಂದ ಒತ್ತಿದ ಗುಳಿ ಮರಳಿ ಏಳದಿದ್ದರೆ ಆರ್ಮರ್ ಬದಲಿಸಬೇಕು. ಒಗೆಯುವ ಮೊದಲು ಆರ್ಮರ್ ತೆಗೆದು, ಉಡುಪನ್ನು ತಣ್ಣೀರಿನಲ್ಲಿ ಕೈಯಿಂದ ಒಗೆದು ನೆರಳಲ್ಲಿ ಗಾಳಿಗೆ ಹರವಬೇಕು. ಬೈಕಿನ ಪೆಟ್ಟಿಗೆಯೊಳಗೆ ಒದ್ದೆಯಾಗಿ ಮುಚ್ಚಿಟ್ಟ ಗ್ಲೌಸಿನ ತೊಗಲಿಗೆ ಬೂಷ್ಟು ಹಿಡಿಯುತ್ತದೆ, ಹೊಲಿಗೆಯ ದಾರವೂ ಸಡಿಲವಾಗುತ್ತದೆ.