ಕಸಾಂಡ್ರದಲ್ಲಿ ಸಂವೇದಕ ಮಾಪನಗಳ ಕೀಲಿ ನಿರ್ಣಯ

ಫೇಸ್‌ಬುಕ್ ಸಂಸ್ಥೆಯಲ್ಲಿ ಅವಿನಾಶ್ ಲಕ್ಷ್ಮಣ್ ಮತ್ತು ಪ್ರಶಾಂತ್ ಮಲಿಕ್ ಎಂಬಿಬ್ಬರಿಂದ ರೂಪುಗೊಂಡು, 2008ರಲ್ಲಿ ಮುಕ್ತ ತಂತ್ರಾಂಶವಾಗಿ ಪ್ರಕಟಗೊಂಡ ಕಸಾಂಡ್ರವು, ದತ್ತಾಂಶವನ್ನು ಒಂದೇ ಯಂತ್ರದಲ್ಲಿರಿಸದೆ ಅನೇಕ ಯಂತ್ರಗಳಲ್ಲಿ ಹಂಚಿಡುವ ದತ್ತಸಂಚಯವಾಗಿದೆ. ಇದರಲ್ಲಿ ಪ್ರತಿಯೊಂದು ಕೋಷ್ಟಕದ ಪ್ರಾಥಮಿಕ ಕೀಲಿಗೆ ಎರಡು ಅಂಗಗಳಿರಬಹುದು. ಮೊದಲನೆಯದಾದ ಪಾರ್ಟಿಷನ್ ಕೀ, ಒಂದು ಸಾಲು ಯಾವ ಯಂತ್ರದಲ್ಲಿ ನೆಲೆಸಬೇಕೆಂಬುದನ್ನು ನಿರ್ಣಯಿಸುತ್ತದೆ. ಎರಡನೆಯದಾದ ಕ್ಲಸ್ಟರಿಂಗ್ ಕೀ, ಒಂದೇ ಪಾರ್ಟಿಷನ್ನಿನೊಳಗೆ ಸಾಲುಗಳು ಯಾವ ಕ್ರಮದಲ್ಲಿ ಇರಬೇಕೆಂಬುದನ್ನು ನಿರ್ಣಯಿಸುತ್ತದೆ. ಕೆಲವೇ ಸೆಕೆಂಡುಗಳಿಗೊಮ್ಮೆ ಬರುವ ಮಾಪನಗಳ ವಿಷಯದಲ್ಲಿ ಕೋಷ್ಟಕದ ಯಶಸ್ಸು ಈ ಎರಡರ ಆಯ್ಕೆಯನ್ನೇ ಅವಲಂಬಿಸಿರುತ್ತದೆ.

ವಸಂತ್ ಕುಂಜ್‌ನ ದೃಷ್ಟಾಂತ

ದೆಹಲಿಯ ನೈಋತ್ಯ ಭಾಗದಲ್ಲಿ, ಅರಾವಳಿಯ ದಿಣ್ಣೆಗೆ ಹೊಂದಿಕೊಂಡಿರುವ ವಸಂತ್ ಕುಂಜ್ ಬಡಾವಣೆಯ ವಸತಿ ಸಂಕೀರ್ಣಗಳ ಮೇಲೆ, ಗಾಳಿಯಲ್ಲಿನ ಪಿಎಂ 2.5 ಕಣಗಳನ್ನು ಅಳೆಯುವ 40 ಸಂವೇದಕಗಳನ್ನು ಇರಿಸಲಾಗಿದೆಯೆಂದು ಭಾವಿಸೋಣ. ಪ್ರತಿಯೊಂದೂ 5 ಸೆಕೆಂಡಿಗೊಂದು ಮಾಪನವನ್ನು ಕಳುಹಿಸಿದರೆ, ಒಂದು ಸಂವೇದಕದಿಂದ ದಿನಕ್ಕೆ 17,280 ಸಾಲುಗಳೂ ವರ್ಷಕ್ಕೆ 63 ಲಕ್ಷಕ್ಕೂ ಮಿಗಿಲಾದ ಸಾಲುಗಳೂ ಸಂಗ್ರಹವಾಗುತ್ತವೆ.

ಸಂವೇದಕದ ಗುರುತನ್ನಷ್ಟೇ ಪಾರ್ಟಿಷನ್ ಕೀ ಆಗಿ ಆರಿಸಿದರೆ, ಸಾಲೊಂದಕ್ಕೆ 100 ಬೈಟುಗಳಂತೆ ಎಣಿಸಿದರೂ ವರ್ಷಾಂತ್ಯಕ್ಕೆ ಒಂದೊಂದು ಪಾರ್ಟಿಷನ್ 630 ಎಂಬಿಯಷ್ಟು ಬೆಳೆದಿರುತ್ತದೆ. ಆ ಬೆಳವಣಿಗೆಗೆ ಕೊನೆಯೆಂಬುದೂ ಇಲ್ಲ. ಒಂದು ಪಾರ್ಟಿಷನ್ ಎಷ್ಟೇ ದೊಡ್ಡದಾದರೂ ಇಡಿಯಾಗಿ ಅದದೇ ಯಂತ್ರಗಳಲ್ಲಿ ಉಳಿಯುವುದರಿಂದ, ಹೊಸ ಯಂತ್ರಗಳನ್ನು ಸೇರಿಸಿ ಅದರ ಭಾರವನ್ನು ಇಳಿಸಲಾಗದು. ಪಾರ್ಟಿಷನ್ನನ್ನು 100 ಎಂಬಿಯೊಳಗೆ ಇರಿಸುವುದು ಸಾಮಾನ್ಯವಾಗಿ ಪಾಲಿಸುವ ನಿಯಮ.

ಇದಕ್ಕೆ ಪ್ರತಿಯಾಗಿ ದಿನಾಂಕವನ್ನಷ್ಟೇ ಕೀಲಿಯಾಗಿಸಿದರೆ ಗಾತ್ರವೇನೋ 69 ಎಂಬಿಗೆ ನಿಲ್ಲುತ್ತದೆ. ಆದರೆ ಎಲ್ಲ 40 ಸಂವೇದಕಗಳ ಆ ದಿನದ ಬರಹವೂ ಒಂದೇ ಪಾರ್ಟಿಷನ್ನಿನ ಪ್ರತಿಗಳಿರುವ ಕೆಲವೇ ಯಂತ್ರಗಳ ಮೇಲೆ ಬಿದ್ದು, ಮಿಕ್ಕ ಯಂತ್ರಗಳು ನಿರುದ್ಯೋಗಿಗಳಾಗಿ ಕುಳಿತಿರುತ್ತವೆ. ಸಂವೇದಕಗಳ ಸಂಖ್ಯೆ ನೂರ್ಮಡಿಯಾದಾಗ ಈ ದೋಷ ಅಸಹನೀಯವಾಗುವುದು. ಆದಕಾರಣ ಸಂವೇದಕ ಮತ್ತು ದಿನ ಎರಡನ್ನೂ ಕೂಡಿಸಿ ಪಾರ್ಟಿಷನ್ ಕೀಯನ್ನಾಗಿಯೂ, ಅಳೆದ ಸಮಯವನ್ನು ಕ್ಲಸ್ಟರಿಂಗ್ ಕೀಯನ್ನಾಗಿಯೂ ಮಾಡುವುದು ಸಮಂಜಸ:

```
CREATE TABLE readings (
  sensor_id text,
  day date,
  ts timestamp,
  pm25 float,
  PRIMARY KEY ((sensor_id, day), ts)
) WITH CLUSTERING ORDER BY (ts DESC);
```

ಈಗ ಪ್ರತಿ ಪಾರ್ಟಿಷನ್ ಸುಮಾರು 1.7 ಎಂಬಿಯಷ್ಟಿದ್ದು, ದಿನ ಕಳೆದೊಡನೆ ಬೆಳೆಯುವುದನ್ನು ನಿಲ್ಲಿಸುತ್ತದೆ. ಅವರೋಹಣ ಕ್ರಮವಿರುವುದರಿಂದ ಇತ್ತೀಚಿನ ಮಾಪನ ಮೊದಲಲ್ಲಿರುತ್ತದೆ. ಸಂವೇದಕವನ್ನೂ ದಿನವನ್ನೂ ಹೇಳಿ `LIMIT 12` ಎಂದು ಕೇಳಿದರೆ ಕಳೆದ ಒಂದು ನಿಮಿಷದ ಸ್ಥಿತಿ ಕೈಗೆ ಬರುತ್ತದೆ.

ದಿನದ ಎಲ್ಲೆ

`day` ಎಂಬ ಮೌಲ್ಯವನ್ನು ಕಸಾಂಡ್ರ ತಾನೇ ಲೆಕ್ಕಹಾಕುವುದಿಲ್ಲ; ಬರೆಯುವ ತಂತ್ರಾಂಶವೇ ಅದನ್ನು ಒದಗಿಸಬೇಕು. 2009ರ ರಾಷ್ಟ್ರೀಯ ವಾಯುಗುಣಮಟ್ಟ ಮಾನದಂಡವು ಪಿಎಂ 2.5ಕ್ಕೆ 24 ಗಂಟೆಗಳ ಸರಾಸರಿಯಾಗಿ ಘನ ಮೀಟರಿಗೆ 60 ಮೈಕ್ರೋಗ್ರಾಂ ಮಿತಿಯನ್ನು ವಿಧಿಸಿರುವುದರಿಂದ, ಇಲ್ಲಿ ಪದೇ ಪದೇ ಕೇಳಲಾಗುವ ಪ್ರಶ್ನೆಯೂ ಒಂದು ದಿನದ ಪ್ರಶ್ನೆಯೇ ಆಗಿದೆ. ಭಾರತೀಯ ಕಾಲಮಾನದ ಮಧ್ಯರಾತ್ರಿಯು ಯುಟಿಸಿ ಗಣನೆಯಲ್ಲಿ ಹಿಂದಿನ ದಿನದ 18:30 ಆಗಿರುವ ಕಾರಣ, ದಿನವನ್ನು ಯುಟಿಸಿಯಂತೆ ಕತ್ತರಿಸಿದರೆ ದೆಹಲಿಯ ಒಂದು ದಿನಕ್ಕಾಗಿ ಎರಡು ಪಾರ್ಟಿಷನ್ನುಗಳನ್ನು ಓದಬೇಕಾಗುವುದು; ಭಾರತೀಯ ಕಾಲಮಾನದಂತೆ ಕತ್ತರಿಸಿದರೆ ಒಂದೇ ಸಾಕು. ಯಾವುದನ್ನೇ ಆರಿಸಿದರೂ, ಬರೆಯುವವರೂ ಓದುವವರೂ ಒಂದೇ ನಿಯಮವನ್ನು ಪಾಲಿಸದಿದ್ದರೆ ಮಧ್ಯರಾತ್ರಿಯ ಆಸುಪಾಸಿನ ಮಾಪನಗಳು ಇದ್ದೂ ಕಾಣದಂತಾಗುತ್ತವೆ.

ದಿನವನ್ನೂ `ts` ಅನ್ನೂ ಅಳೆದ ಕ್ಷಣದಿಂದಲೇ ಪಡೆಯಬೇಕು, ತಲುಪಿದ ಕ್ಷಣದಿಂದಲ್ಲ. ಸಂಪರ್ಕ ಕಡಿದು ಒಂದು ಗಂಟೆಯ ಬಳಿಕ ಸಂವೇದಕವು ಕೂಡಿಟ್ಟ ಮಾಪನಗಳನ್ನು ಕಳುಹಿಸಿದಾಗ, ಅವು ಆಗ ತಮ್ಮ ಸ್ವಸ್ಥಾನವನ್ನೇ ಸೇರುತ್ತವೆ. ಒಂದೇ ಮಾಪನ ಎರಡು ಬಾರಿ ಬಂದರೂ ಕೀಲಿ ಒಂದೇ ಆಗಿರುವುದರಿಂದ ಸಾಲು ಒಂದೇ ಉಳಿಯುತ್ತದೆ. ಆದರೆ ಇದೇ ಗುಣವು ಅಪಾಯಕ್ಕೂ ಕಾರಣವಾಗಬಲ್ಲದು: ಸಮಯವನ್ನು ನಿಮಿಷಕ್ಕೆ ಮೊಟಕುಗೊಳಿಸಿದರೆ, ಆ ನಿಮಿಷದ ಹನ್ನೆರಡು ಮಾಪನಗಳಲ್ಲಿ ಹನ್ನೊಂದು ಯಾವ ದೋಷಸೂಚನೆಯೂ ಇಲ್ಲದೆ ಅಳಿಸಿಹೋಗುತ್ತವೆ.

ದೋಷಲಕ್ಷಣಗಳು

ಪಾರ್ಟಿಷನ್ ಅತಿಯಾಗಿ ಬೆಳೆದಾಗ ಯಂತ್ರದ ದಾಖಲೆಯಲ್ಲಿ ಅದರ ಎಚ್ಚರಿಕೆ ಕಾಣುತ್ತದೆ. `nodetool tablehistograms` ಆದೇಶವು ಪಾರ್ಟಿಷನ್ನುಗಳ ಗಾತ್ರದ ಹಂಚಿಕೆಯನ್ನು ತೋರಿಸುತ್ತದೆ; ಅದರಲ್ಲಿ ಮಧ್ಯಮ ಗಾತ್ರಕ್ಕಿಂತ ಗರಿಷ್ಠ ಗಾತ್ರ ಬಹಳ ಮಿಗಿಲಾಗಿದ್ದರೆ, ಯಾವುದೋ ಒಂದು ಸಂವೇದಕ ನಿಯತ ವೇಗವನ್ನು ಮೀರಿ ಬರೆಯುತ್ತಿದೆಯೆಂದು ಶಂಕಿಸಬಹುದು.

ಕೋಷ್ಟಕವನ್ನು ರಚಿಸಿದ ಮೇಲೆ ಪ್ರಾಥಮಿಕ ಕೀಲಿಯ ವಿನ್ಯಾಸವನ್ನು ಬದಲಿಸಲು ಅವಕಾಶವಿಲ್ಲ. ಹೊಸ ಕೋಷ್ಟಕವನ್ನು ಕಟ್ಟಿ ಸಮಸ್ತ ದತ್ತಾಂಶವನ್ನೂ ಅದಕ್ಕೆ ಸಾಗಿಸಬೇಕಾಗುತ್ತದೆ.