ಡಿಜಿಟಲ್ ಆಲಿಕೆಯ ಮಾಪನಗಳು

ಅಂತರ್ಜಾಲದ ಜಾಹೀರಾತನ್ನು ಕಂಡವರಲ್ಲಿ ಎಷ್ಟು ಮಂದಿ ಅದನ್ನು ಒತ್ತಿದರು, ಒತ್ತಿದವರಲ್ಲಿ ಎಷ್ಟು ಮಂದಿ ಕೊಂಡರು, ಒಬ್ಬ ಗ್ರಾಹಕನನ್ನು ಪಡೆಯಲು ಎಷ್ಟು ಹಣ ತಗುಲಿತು ಎಂಬುದನ್ನು ತಿಳಿಸುವ ಅನುಪಾತಗಳೇ ಡಿಜಿಟಲ್ ಆಲಿಕೆಯ ಮಾಪನಗಳು. ಆಲಿಕೆಯ ಬಾಯಿ ಅಗಲ, ಕೊಳವೆ ಕಿರಿದು. ನೋಡುವವರು ಬಹಳ, ಕೊಳ್ಳುವವರು ಕೆಲವರು. ಹೋಲಿಕೆ ಪೂರ್ಣ ಸರಿಯೆನ್ನಲಾಗದು: ಆಲಿಕೆಗೆ ಸುರಿದ ಎಣ್ಣೆಯೆಲ್ಲ ಕೆಳಗಿಳಿಯುತ್ತದೆ, ಇಲ್ಲಿ ಬಹುಪಾಲು ಜನ ನಡುವೆಯೇ ಹೊರಟುಹೋಗುತ್ತಾರೆ.

ಸೂತ್ರಗಳು

ಜಾಹೀರಾತು ಒಮ್ಮೆ ಪರದೆಯ ಮೇಲೆ ಮೂಡಿದರೆ ಅದು ಒಂದು ಪ್ರದರ್ಶನ.

ಕ್ಲಿಕ್ ದರ = (ಕ್ಲಿಕ್‌ಗಳು ÷ ಪ್ರದರ್ಶನಗಳು) × 100
ಪರಿವರ್ತನಾ ದರ = (ಖರೀದಿಗಳು ÷ ಕ್ಲಿಕ್‌ಗಳು) × 100
ಗ್ರಾಹಕ ಗಳಿಕೆ ವೆಚ್ಚ = ಒಟ್ಟು ವೆಚ್ಚ ÷ ಹೊಸ ಗ್ರಾಹಕರು

ಪ್ರತಿ ಸೂತ್ರದ ಛೇದವೂ ಬೇರೆ ಎಂಬುದನ್ನು ಗಮನಿಸಬೇಕು. ವಿದ್ಯಾರ್ಥಿಗಳು ಹೆಚ್ಚಾಗಿ ಎಡವುವುದು ಖರೀದಿಗಳನ್ನು ಪ್ರದರ್ಶನಗಳಿಂದ ಭಾಗಿಸುವಾಗ.

ಮಾದರಿ ಲೆಕ್ಕ

ಪುಸ್ತಕದಂಗಡಿಯೊಂದು ಎರಡು ಜಾಹೀರಾತುಗಳನ್ನು ತಲಾ 1,00,000 ಬಾರಿ ತೋರಿಸಿತೆಂದು ಭಾವಿಸೋಣ. ಪ್ರತಿ ಕ್ಲಿಕ್‌ಗೆ 5 ರೂ. ಶುಲ್ಕ. 'ಭಾರಿ ರಿಯಾಯಿತಿ' ಎಂದಷ್ಟೇ ಸಾರಿದ ಮೊದಲನೆಯದಕ್ಕೆ 2,000 ಕ್ಲಿಕ್, 40 ಹೊಸ ಗ್ರಾಹಕರು. ಪುಸ್ತಕದ ಹೆಸರು, ಬೆಲೆ ಎರಡನ್ನೂ ತಿಳಿಸಿದ ಎರಡನೆಯದಕ್ಕೆ 800 ಕ್ಲಿಕ್, 32 ಹೊಸ ಗ್ರಾಹಕರು. ಪ್ರತಿಯೊಬ್ಬರೂ ಒಮ್ಮೆ ಮಾತ್ರ ಒತ್ತಿ, ಒಮ್ಮೆ ಮಾತ್ರ ಕೊಂಡಿದ್ದಾರೆ.

ಮೊದಲನೆಯದರ ಕ್ಲಿಕ್ ದರ 2%, ಪರಿವರ್ತನಾ ದರ 2%, ವೆಚ್ಚ 10,000 ರೂ.; ಗಳಿಕೆ ವೆಚ್ಚ 10,000 ÷ 40 = 250 ರೂ. ಎರಡನೆಯದರ ಕ್ಲಿಕ್ ದರ 0.8% ಮಾತ್ರ, ಆದರೆ ಪರಿವರ್ತನಾ ದರ 4%, ವೆಚ್ಚ 4,000 ರೂ., ಗಳಿಕೆ ವೆಚ್ಚ 4,000 ÷ 32 = 125 ರೂ.

ಪ್ರತಿ ಮಾರಾಟದಲ್ಲಿ ಅಂಗಡಿಗೆ ಉಳಿಯುವುದು 180 ರೂ. ಎಂದಿಟ್ಟುಕೊಂಡರೆ, ಮೊದಲನೆಯದು ತಲಾ 70 ರೂ. ನಷ್ಟವನ್ನೂ ಎರಡನೆಯದು 55 ರೂ. ಲಾಭವನ್ನೂ ತರುತ್ತದೆ. ಬೆಲೆ ಮೊದಲೇ ತಿಳಿದಿದ್ದರಿಂದ, ಕೊಳ್ಳುವ ಮನಸ್ಸಿಲ್ಲದವರು ಒತ್ತಲೇ ಇಲ್ಲ. ಕ್ಲಿಕ್ ದರವೊಂದನ್ನೇ ನೋಡಿದವರು ನಷ್ಟದ ಜಾಹೀರಾತನ್ನೇ ಆರಿಸುತ್ತಿದ್ದರು. ಮೊದಲನೆಯದರ ಗ್ರಾಹಕರು ಮತ್ತೆ ಮತ್ತೆ ಬಂದು ಕೊಂಡರೆ ಮಾತ್ರ ಈ ತೀರ್ಮಾನ ಬದಲಾಗಬಹುದು.

ಮಿತಿಗಳು

ಮೊಬೈಲಿನಲ್ಲಿ ಬೆರಳು ತಪ್ಪಿ ತಾಗಿದರೂ ಅದು ಕ್ಲಿಕ್ಕೇ. ಕ್ಲಿಕ್‌ಗಳು ಏರಿದರೂ ಪುಟ ಪೂರ್ತಿ ತೆರೆದುಕೊಂಡ ಭೇಟಿಗಳು ಏರದಿದ್ದರೆ ಇಂಥ ಸ್ಪರ್ಶಗಳನ್ನೋ ನಿಧಾನವಾಗಿ ತೆರೆಯುವ ಪುಟವನ್ನೋ ಶಂಕಿಸಬೇಕು. ಇಂದು ಒತ್ತಿದವರು ವಾರ ಬಿಟ್ಟು ಕೊಳ್ಳುವುದೂ ಉಂಟು. ಆದ್ದರಿಂದ ಮರುದಿನವೇ ತೆಗೆದ ಪರಿವರ್ತನಾ ದರ ನಿಜಕ್ಕಿಂತ ಕಡಿಮೆ ಇರುತ್ತದೆ. ಗಳಿಕೆ ವೆಚ್ಚದಲ್ಲಿ ಚಿತ್ರ ರಚಿಸಿದವರ ಸಂಭಾವನೆ, ಸಿಬ್ಬಂದಿಯ ವೇತನ ಸೇರಿದೆಯೇ ಎಂಬುದನ್ನು ಕೇಳದೆ ಎರಡು ಸಂಸ್ಥೆಗಳ ಅಂಕಿಗಳನ್ನು ಹೋಲಿಸಲಾಗದು.

ಅಭ್ಯಾಸ

60 ಹೊಸ ಗ್ರಾಹಕರು ಬೇಕು. ಕ್ಲಿಕ್ ದರ 1%, ಪರಿವರ್ತನಾ ದರ 3%, ಪ್ರತಿ ಕ್ಲಿಕ್‌ಗೆ 6 ರೂ., ವಿನ್ಯಾಸಕ್ಕೆ 3,000 ರೂ. ಎಷ್ಟು ಪ್ರದರ್ಶನಗಳು ಬೇಕು? ಗಳಿಕೆ ವೆಚ್ಚವೆಷ್ಟು?

ಉತ್ತರ: ಕೆಳಗಿನಿಂದ ಮೇಲಕ್ಕೆ ಲೆಕ್ಕ ಹಾಕಬೇಕು. ಕ್ಲಿಕ್‌ಗಳು 60 ÷ 0.03 = 2,000; ಪ್ರದರ್ಶನಗಳು 2,000 ÷ 0.01 = 2,00,000. ವೆಚ್ಚ 12,000 + 3,000 = 15,000 ರೂ.; ಗಳಿಕೆ ವೆಚ್ಚ 15,000 ÷ 60 = 250 ರೂ. ವಿನ್ಯಾಸದ ಹಣವನ್ನು ಮರೆತರೆ 200 ರೂ. ಎಂಬ ತಪ್ಪು ಉತ್ತರ ಬರುತ್ತದೆ.